ಮೊದಲು ಸೀರೆ ಎಣಿಸಿ, ಕೊನೆಗೆ ಬಾಗಿಲು ಆರಿಸಿ

ಹೊಸ ಮನೆಗೆ ವಾರ್ಡ್‌ರೋಬ್ ಮಾಡಿಸಲು ಹೊರಟವರ ಮುಂದೆ ಮೊದಲು ಬಿಚ್ಚಿಕೊಳ್ಳುವುದು ಲ್ಯಾಮಿನೇಟ್ ಕ್ಯಾಟಲಾಗು. ಹೊಳೆಯುವ ಬಣ್ಣ ಬೇಕೋ ಮಂಕಾದದ್ದು ಬೇಕೋ, ಬಾಗಿಲು ಪಕ್ಕಕ್ಕೆ ಸರಿಯುವುದೋ ಎದುರಿಗೆ ತೆರೆಯುವುದೋ, ಕನ್ನಡಿ ಎಲ್ಲಿ ಕೂರಬೇಕು, ಹಿಡಿ ಯಾವ ಬಗೆಯದು ಎಂಬುದೆಲ್ಲ ಅರ್ಧ ಗಂಟೆಯಲ್ಲಿ ತೀರ್ಮಾನವಾಗಿ, ದರವೂ ಕೈಗೆ ಬಂದುಬಿಡುತ್ತದೆ. ಆ ದರವನ್ನು ಸಾಮಾನ್ಯವಾಗಿ ಮುಂಭಾಗದ ಚದರಡಿಯಲ್ಲಿ ಹಾಕುತ್ತಾರೆ. ಅಗಲವನ್ನು ಎತ್ತರದಿಂದ ಗುಣಿಸಿದರೆ ಮುಗಿಯಿತು. ಒಳಗೆ ಹಲಗೆ ಎಲ್ಲಿ ಬರುತ್ತದೆ, ರಾಡು ಎಷ್ಟು ಎತ್ತರದಲ್ಲಿದೆ, ನಿಮ್ಮ ಬಟ್ಟೆ ಅದರೊಳಗೆ ಹಿಡಿಯುತ್ತದೆಯೇ ಎಂಬ ಪ್ರಶ್ನೆಗಳು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಅವನ್ನು ಕೇಳಬೇಕಾದವರು ನಾವೇ.

ಸ್ಟೀಲ್ ಬೀರುವಿನ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಸುಮಾರು ಆರೂವರೆ ಅಡಿ ಎತ್ತರ, ಮೂರಡಿ ಅಗಲ, ಒಂದೂವರೆ ಅಡಿ ಆಳದ ಬೀರು ಬರುತ್ತಿತ್ತು, ನಾವೇ ಅದಕ್ಕೆ ಹೊಂದಿಕೊಳ್ಳುತ್ತಿದ್ದೆವು. ಹಿಡಿಯದಿದ್ದದ್ದು ಟ್ರಂಕಿಗೆ, ಅಟ್ಟಕ್ಕೆ ಹೋಗುತ್ತಿತ್ತು. ಜಾಗ ಸಾಲದಿದ್ದರೆ ಬೀರುವನ್ನು ಇನ್ನೊಂದು ಕೋಣೆಗೆ ಎಳೆದುಕೊಂಡು ಹೋಗಬಹುದಿತ್ತು. ಗೋಡೆಗೆ ಕೂರಿಸಿದ ವಾರ್ಡ್‌ರೋಬ್ ಹಾಗಲ್ಲ. ಒಮ್ಮೆ ಕೂರಿಸಿದರೆ ಹತ್ತು ಹದಿನೈದು ವರ್ಷ ಅದು ಅಲ್ಲೇ. ಆದ್ದರಿಂದಲೇ ಇಲ್ಲಿ ಕೆಲಸದ ಕ್ರಮವನ್ನು ತಿರುಗಿಸಬೇಕು. ಮೊದಲು ಸಾಮಾನಿನ ಪಟ್ಟಿ, ಅದರಿಂದ ಆಳ, ಆಮೇಲೆ ಹಲಗೆ, ಎಲ್ಲ ಮುಗಿದ ಮೇಲೆ ಬಾಗಿಲು. ಹೇಗೆಂದು ತಿಳಿಯಲು ಒಂದು ಮಲಗುವ ಕೋಣೆಯನ್ನೇ ತೆಗೆದುಕೊಂಡು ಕೊನೆಯವರೆಗೆ ಲೆಕ್ಕ ಹಾಕೋಣ.

ಪಟ್ಟಿ

ನಮ್ಮ ಉದಾಹರಣೆಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಆತ ಐದಡಿ ಹತ್ತಿಂಚು, ಆಕೆ ಐದಡಿ ಒಂದಿಂಚು. ಎತ್ತರ ಯಾಕೆ ಬೇಕೆಂಬುದು ಮುಂದೆ ಗೊತ್ತಾಗುತ್ತದೆ.

ಪಟ್ಟಿ ಮಾಡುವಾಗ ಬೀರು ತೆರೆದು ಕಂಡದ್ದನ್ನಷ್ಟೇ ಎಣಿಸಿದರೆ ಲೆಕ್ಕ ಕಡಿಮೆ ಬರುತ್ತದೆ. ಇಸ್ತ್ರಿಗೆ ಕೊಟ್ಟದ್ದು, ಒಗೆಯಲು ಹಾಕಿದ್ದು, ತಂತಿಯ ಮೇಲೆ ಒಣಗುತ್ತಿರುವುದು, ತವರಿನಲ್ಲಿ ಬಿಟ್ಟು ಬಂದ ರೇಷ್ಮೆ ಸೀರೆ, ಇವೆಲ್ಲ ಸೇರಬೇಕು. ಒಂದು ಸಲ ಹಾಕಿಕೊಂಡು, ಒಗೆಯುವಷ್ಟು ಕೊಳೆಯಾಗದೆ, ಕುರ್ಚಿಯ ಮೇಲೆ ಬಿದ್ದಿರುವ ಪ್ಯಾಂಟನ್ನೂ ಬರೆದುಕೊಳ್ಳಿ. ಒಗೆದ ಬಟ್ಟೆಯ ಜೊತೆ ಇಡಲು ಮನಸ್ಸು ಬಾರದ ಇಂಥ ಬಟ್ಟೆಗೆ ಯಾವ ವಾರ್ಡ್‌ರೋಬಿನಲ್ಲೂ ಜಾಗ ಇರುವುದಿಲ್ಲ, ಅದಕ್ಕೇ ಎಲ್ಲರ ಮನೆಯಲ್ಲೂ ಒಂದು ಕುರ್ಚಿ ಅದರ ಪಾಲಾಗಿರುತ್ತದೆ. ಕೋಣೆಯ ಬಾಗಿಲ ಹಿಂದೆ ನಾಲ್ಕು ಕೊಕ್ಕೆ ಹೊಡೆಸಿದರೆ ಆ ಕುರ್ಚಿ ಮತ್ತೆ ಕೂರಲು ಸಿಗುತ್ತದೆ.

ಎಣಿಸುವಾಗಲೇ ಪ್ರತಿಯೊಂದಕ್ಕೂ ಒಂದು ಗುರುತು ಹಾಕಬೇಕು. ಇದು ತೂಗುವ ಬಟ್ಟೆಯೋ, ಮಡಿಸಿಡುವ ಬಟ್ಟೆಯೋ, ವರ್ಷಕ್ಕೊಮ್ಮೆ ತೆಗೆಯುವ ಸಾಮಾನೋ? ನಮ್ಮ ದಂಪತಿಯ ಪಟ್ಟಿ ಹೀಗಾಯಿತು ಎಂದಿಟ್ಟುಕೊಳ್ಳಿ. ತೂಗುವುದರಲ್ಲಿ ಆತನ 22 ಅಂಗಿ, 14 ಪ್ಯಾಂಟು. ಆಕೆಯ 20 ಹತ್ತಿ ಸೀರೆ, 18 ಚೂಡಿದಾರದ ಟಾಪು. ಮಡಿಸುವುದರಲ್ಲಿ 18 ರೇಷ್ಮೆ ಸೀರೆ, ಇಬ್ಬರ ಮನೆಬಟ್ಟೆ, ಟವೆಲು, ಹಾಸಿಗೆ ಹೊದಿಕೆ, ಒಂದಿಷ್ಟು ಕಡತ, ಒಡವೆ. ವರ್ಷಕ್ಕೊಮ್ಮೆಯದರಲ್ಲಿ ಎರಡು ಸೂಟ್‌ಕೇಸು, ಕಂಬಳಿಗಳು, ದಸರೆ ಗೊಂಬೆಯ ಪೆಟ್ಟಿಗೆ.

ಇನ್ನು ಇವುಗಳನ್ನು ಅಳೆಯಬೇಕು. ಇಂಚಿನ ಟೇಪು ಹಿಡಿದು ನಿಮ್ಮ ಬಟ್ಟೆಯನ್ನೇ ಅಳೆಯುವುದು ಮೇಲು, ಆದರೂ ಅಂದಾಜು ಹೀಗಿದೆ. ರಾಡಿನ ಮೇಲೆ ಒಂದು ಅಂಗಿಗೆ ಒಂದೂಕಾಲು ಇಂಚು ಅಗಲ ಬೇಕು, ಪ್ಯಾಂಟಿಗೆ ಒಂದೂವರೆ. ಉದ್ದಕ್ಕೆ, ರಾಡಿನ ಮೇಲೆ ಹ್ಯಾಂಗರ್ ಎತ್ತಿ ತೆಗೆಯಲು ಬೇಕಾದ ಎರಡು ಇಂಚು, ಹ್ಯಾಂಗರಿನ ಕೊಕ್ಕೆ, ಬಟ್ಟೆಯ ಇಳಿತ ಮೂರನ್ನೂ ಕೂಡಿಸಬೇಕು. ಹಾಗೆ ಕೂಡಿಸಿದರೆ ಅಂಗಿಗೆ 38ರಿಂದ 40 ಇಂಚು, ಮಡಿಸಿ ತೂಗಿದ ಪ್ಯಾಂಟಿಗೆ 30, ಮೊಣಕಾಲು ದಾಟುವ ಟಾಪಿಗೆ 47.

ಸೀರೆಯದನ್ನು ಲೆಕ್ಕ ಹಾಕಿಯೇ ನೋಡಬಹುದು. ಐದೂವರೆ ಮೀಟರ್ ಅಂದರೆ 216 ಇಂಚು. ಅದನ್ನು ನಾಲ್ಕು ಸಲ ಅರ್ಧಕ್ಕೆ ಮಡಿಸಿದರೆ ಹದಿನಾರು ಪದರವಾಗಿ ಹದಿಮೂರೂವರೆ ಇಂಚಿಗೆ ಇಳಿಯುತ್ತದೆ. ಹ್ಯಾಂಗರಿನ ಪಟ್ಟಿಯ ಮೇಲೆ ಕೂರಲು ಅದು ಸರಿಯಾದ ಅಗಲ. ಸೀರೆಯ ಪನ್ನ ಸುಮಾರು 46 ಇಂಚು, ಅದು ಪಟ್ಟಿಯ ಎರಡೂ ಕಡೆ ಇಳಿಬಿದ್ದರೆ 23. ಸೀರೆಗೆಂದೇ ಸಿಗುವ ನೇರ ಪಟ್ಟಿಯ ಹ್ಯಾಂಗರಿಗೆ ನಾಲ್ಕು, ಮೇಲೆ ಎರಡು, ಒಟ್ಟು 29. ಅಂದರೆ 30 ಇಂಚಿನ ಖಾನೆ ಸಾಕು. ಅಂಗಿಯ ತ್ರಿಕೋನ ಹ್ಯಾಂಗರಿಗೇ ಸೀರೆ ಹಾಕುವವರಾದರೆ ಎರಡು ಮೂರು ಇಂಚು ಹೆಚ್ಚು ಬಿಡಿ. ಒಂಬತ್ತು ಗಜದ ಇಳಕಲ್ ಸೀರೆಯಾದರೆ ಪದರ ಹೆಚ್ಚಿ ದಪ್ಪವಾಗುತ್ತದೆ, ರಾಡಿನ ಮೇಲೆ ಅದಕ್ಕೆ ಇನ್ನಷ್ಟು ಅಗಲ ಬೇಕು.

ಜರಿಯ ರೇಷ್ಮೆ ಸೀರೆಯನ್ನು ವರ್ಷಗಟ್ಟಲೆ ತೂಗುಹಾಕದಿರುವುದೇ ಒಳ್ಳೆಯದು. ಅದರ ಭಾರ ಅದನ್ನೇ ಎಳೆಯುತ್ತದೆ, ಮಡಿಕೆ ಬಿದ್ದಲ್ಲೇ ಬಟ್ಟೆ ಸೋಲುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಹಲಗೆಯ ಮೇಲಿಟ್ಟು, ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸುವ ನಮ್ಮ ಅಜ್ಜಿಯಂದಿರ ಕ್ರಮವೇ ಸರಿ. ನುಸಿಗುಳಿಗೆ ಜರಿಗೆ ತಾಗಬಾರದು.

ಆಳ

ವಾರ್ಡ್‌ರೋಬ್ ಎಂದರೆ ಎರಡಡಿ ಆಳ ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ತೂಗುವ ಬಟ್ಟೆಗೆ ಅದು ಸರಿ. ಹ್ಯಾಂಗರ್ ಹದಿನೇಳು ಹದಿನೆಂಟು ಇಂಚು ಅಗಲ, ಅದರ ಮೇಲೆ ತೋಳಿನ ಉಬ್ಬು ಸೇರಿ 21ರಿಂದ 22. ಹೊರ ಆಳ 24 ಇದ್ದರೆ ಶಟರಿನ ದಪ್ಪ ಮುಕ್ಕಾಲು ಇಂಚು, ಹಿಂದಿನ ತೆಳು ಪ್ಲೈವುಡ್ ಕಾಲಿಂಚು ಕಳೆದು ಒಳಗೆ 23 ಉಳಿಯುತ್ತದೆ. ಅಂಗಿ ಆರಾಮಾಗಿ ಹಿಡಿಯುತ್ತದೆ, ಬಾಗಿಲು ಮುಚ್ಚುತ್ತದೆ.

ಮಡಿಸಿಡುವ ಬಟ್ಟೆಗೆ ಇದೇ ಎರಡಡಿ ಶತ್ರು. ಮಡಿಸಿದ ಅಂಗಿ, ಸೀರೆ, ಟವೆಲು ಯಾವುದೂ ಹದಿನಾಲ್ಕು ಹದಿನೈದು ಇಂಚಿನ ಆಚೆಗೆ ಹೋಗುವುದಿಲ್ಲ. ಹಿಂದೆ ಉಳಿದ ಎಂಟೊಂಬತ್ತು ಇಂಚು ಖಾಲಿ ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ, ಅಲ್ಲೊಂದು ಎರಡನೆಯ ಸಾಲು ಹುಟ್ಟುತ್ತದೆ. ಹಿಂದಿನ ಸಾಲಿನದು ತೆಗೆಯಲು ಮುಂದಿನದನ್ನು ಕೆಡವಬೇಕು. ಹಾಗಾಗಿ ಹಿಂದಿನದನ್ನು ಉಡುವುದೇ ನಿಲ್ಲುತ್ತದೆ, ಅದು ಇದೆ ಎಂಬುದೂ ಮರೆತು ಅದೇ ಬಣ್ಣದ ಇನ್ನೊಂದು ಮನೆಗೆ ಬರುತ್ತದೆ. ನಿಮ್ಮ ಈಗಿನ ಕಪಾಟಿನಲ್ಲಿ ಹೀಗಾಗಿದೆಯೇ ಎಂದು ತಿಳಿಯಲು ಒಂದು ಹಲಗೆಯ ಹಿಂದಿನ ಸಾಲನ್ನು ಹೊರತೆಗೆದು, ಅದರಲ್ಲಿ ಈ ವರ್ಷ ಉಟ್ಟದ್ದು ಎಷ್ಟು ನೋಡಿ.

ಮಡಿಸುವ ಬಟ್ಟೆಗೆಂದೇ ಇರುವ ಬಾಕ್ಸು ಹೊರಗೆ 18 ಇಂಚು ಆಳವಿದ್ದರೆ ಸಾಕು. ಒಳಗೆ 17 ಸಿಗುತ್ತದೆ, ಒಂದೇ ಸಾಲು ಕೂರುತ್ತದೆ, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಕೋಣೆಗೂ ಅರ್ಧ ಅಡಿ ನೆಲ ವಾಪಸು ಸಿಗುತ್ತದೆ. ಇಡೀ ಗೋಡೆ ಒಂದೇ ಸಮತಟ್ಟಾಗಿ ಕಾಣಲಿ ಎಂದು ಗುತ್ತಿಗೆದಾರರು ವಾದಿಸುತ್ತಾರೆ. ನೋಡಲು ಅದು ಚೆಂದ ಎಂಬುದನ್ನು ಒಪ್ಪುತ್ತೇನೆ, ಆದರೆ ಹತ್ತಡಿಯ ಕೋಣೆಯಲ್ಲಿ ಆ ಅರ್ಧ ಅಡಿ ಅದಕ್ಕಿಂತ ಚೆಂದ.

ಹಳೆಯ ಮನೆಗಳಲ್ಲಿ ಗೋಡೆಯೊಳಗೆ ಕಡಪ ಕಲ್ಲಿನ ಹಲಗೆ ಕೂರಿಸಿ ಮಾಡಿದ ಕಪಾಟುಗಳಿರುತ್ತವೆ. ಅವುಗಳ ಆಳ ಬಹುಪಾಲು ಒಂದೂವರೆ ಅಡಿಯೊಳಗೇ. ಕೆಡವಿಸಿ ಹೊಸದು ಮಾಡಿಸುವ ಮುನ್ನ ಅಳೆದು ನೋಡಿ. ಮಡಿಸಿಡುವ ಬಟ್ಟೆಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕಲ್ಲು ಬಾಗುವುದಿಲ್ಲ, ಗೆದ್ದಲಿಗೂ ಬೇಡ. ಅದರಲ್ಲೇ ಬಟ್ಟೆ ತೂಗಬೇಕೆಂದಿದ್ದರೆ, ಅಡ್ಡ ರಾಡಿನ ಬದಲು ಮುಂದಕ್ಕೆ ಎಳೆಯಬಹುದಾದ ರಾಡು ಸಿಗುತ್ತದೆ. ಅಂಗಿಗಳು ಆಗ ನಮಗೆ ಎದುರುಮುಖವಾಗಿ, ಒಂದರ ಹಿಂದೊಂದು ನಿಲ್ಲುತ್ತವೆ. ಹಿಡಿಯುವುದು ಕಡಿಮೆ, ಆದರೆ ಗೋಡೆ ಒಡೆಯಬೇಕಿಲ್ಲ.

ಹಲಗೆ

ನಮ್ಮ ಕೋಣೆಯಲ್ಲಿ ವಾರ್ಡ್‌ರೋಬಿನ ಗೋಡೆಯ ಮೇಲೆ, ಕೋಣೆಯ ಬಾಗಿಲು ತೆರೆದು ನಿಲ್ಲುವ ಜಾಗ ಬಿಟ್ಟು, ಸಿಗುವುದು 98 ಇಂಚು. ಎತ್ತರ ಏಳು ಅಡಿ, ಅಂದರೆ 84 ಇಂಚು. ಅದರ ಮೇಲೆ ಅಟ್ಟ. ಇದನ್ನು 32 ಇಂಚಿನ ಮೂರು ಬಾಕ್ಸು ಮಾಡಿದರೆ 96 ಆಗುತ್ತದೆ. ಉಳಿದ ಎರಡು ಇಂಚನ್ನು ಬೇಕೆಂದೇ ಬಿಡಬೇಕು. ಗೋಡೆ ಯಾವತ್ತೂ ತೂಗುಗುಂಡಿಗೆ ಸರಿಯಾಗಿ ನಿಂತಿರುವುದಿಲ್ಲ, ಮೂಲೆಯಲ್ಲಿ ಒಂದು ಇಂಚಿನ ಪಟ್ಟಿ ಇಲ್ಲದಿದ್ದರೆ ಶಟರು ಗೋಡೆಗೆ ಉಜ್ಜುತ್ತದೆ. ಇನ್ನೊಂದು ಇಂಚು, ಆಳದ ಬಾಕ್ಸೂ ಗಿಡ್ಡ ಆಳದ ಬಾಕ್ಸೂ ಸೇರುವ ಕಡೆ, ಅಲ್ಲಿನ ಶಟರು ಪೂರ್ತಿ ತೆರೆಯಲೆಂದು.

ಯಾಕೆ ಮೂರು, ಎರಡು ಯಾಕಲ್ಲ? ಹಲಗೆ ಬಾಗುವುದರಿಂದ. 18 ಮಿಲಿಮೀಟರ್ ಪ್ಲೈವುಡ್ಡಿನ ಹಲಗೆ ಎರಡೂವರೆಯಿಂದ ಮೂರಡಿಯವರೆಗೆ ಬಟ್ಟೆಯ ಭಾರ ತಡೆಯುತ್ತದೆ. ಪಾರ್ಟಿಕಲ್ ಬೋರ್ಡಾದರೆ ಎರಡು ಅಡಿಗೇ ನಿಲ್ಲಿಸಬೇಕು. 98 ಇಂಚನ್ನು ಎರಡೇ ಬಾಕ್ಸು ಮಾಡಿದರೆ ಹಲಗೆ ನಾಲ್ಕು ಅಡಿಯಾಗಿ, ವರ್ಷ ತುಂಬುವಷ್ಟರಲ್ಲಿ ನಡು ತಗ್ಗಲು ಶುರುವಾಗುತ್ತದೆ. ಹಲಗೆಯ ಮುಂದಿನ ಅಂಚಿಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಎಳೆದು ಹಿಡಿದರೆ ನಡುವಿನ ಸಂದು ಕಾಣುತ್ತದೆ. ರಾಡಿಗೂ ಇದೇ ಮಿತಿ. ಮೂರಡಿ ದಾಟಿದರೆ ನಡುವೆ ಆಧಾರ ಬೇಕು. 32 ಇಂಚಿನ ಬಾಕ್ಸಿನಲ್ಲಿ ಎರಡು ಬದಿಯ ಪ್ಲೈವುಡ್ ಕಳೆದು ಒಳ ಅಗಲ ಮೂವತ್ತೂವರೆ. ಹಲಗೆಯೂ ರಾಡೂ ಎರಡೂ ಕ್ಷೇಮ.

ಎತ್ತರದಲ್ಲಿ, ಕೆಳಗಿನ ನಾಲ್ಕಿಂಚಿನ ಪೀಠ, ಮೇಲಿನ ಮತ್ತು ಕೆಳಗಿನ ಹಲಗೆಯ ದಪ್ಪ ಕಳೆದರೆ ಒಳಗೆ ಎಪ್ಪತ್ತೆಂಟೂವರೆ ಇಂಚು ಉಳಿಯಿತು. ನೆಲ ಒರೆಸುವ ನೀರು ಪ್ಲೈವುಡ್ಡಿಗೆ ತಾಗದಿರಲು ಆ ಪೀಠ ಬೇಕೇ ಬೇಕು.

ಸಾಮಾನ್ಯವಾಗಿ ಇಲ್ಲಿ ಒಂದು ಬಾಕ್ಸು ಆತನಿಗೆ, ಒಂದು ಆಕೆಗೆ, ಒಂದು ಇಬ್ಬರಿಗೂ ಎಂದು ಹಂಚುತ್ತಾರೆ. ಹಾಗೇ ಮಾಡಿ ನೋಡೋಣ. ಮೊದಲನೆಯದು ಆತನದು: ಮೇಲೆ ಅಂಗಿಗೆ 40, ಕೆಳಗೆ ಪ್ಯಾಂಟಿಗೆ 30. ಎರಡನೆಯದು ಆಕೆಯದು: ಮೇಲೆ ಸೀರೆಗೆ 30, ಕೆಳಗೆ ಟಾಪಿಗೆ 47. ಕಾಗದದ ಮೇಲೆ ಕೂಡಿಸಿದರೆ ಎಲ್ಲವೂ ಹಿಡಿಯುತ್ತದೆ. ಆದರೆ ಆಕೆಯ ಸೀರೆಯ ರಾಡು ನೆಲದಿಂದ ಎಷ್ಟು ಎತ್ತರದಲ್ಲಿದೆ? 81 ಇಂಚು. ಐದಡಿ ಒಂದಿಂಚಿನ ಹೆಂಗಸು ಕೈ ಪೂರ್ತಿ ಚಾಚಿದರೆ ಬೆರಳ ತುದಿ ಸುಮಾರು 75 ಇಂಚಿಗೆ ಮುಟ್ಟುತ್ತದೆ. ದಿನ ಬೆಳಗಾದರೆ ಉಡುವ ಸೀರೆಗೆ ಸ್ಟೂಲು ಹತ್ತಬೇಕು, ಇಲ್ಲವೇ ಗಂಡನನ್ನು ಕರೆಯಬೇಕು. ನಕ್ಷೆಯಲ್ಲಿ ಇದು ಕಾಣುವುದಿಲ್ಲ, ಯಾಕೆಂದರೆ ನಕ್ಷೆಯಲ್ಲಿ ಮನುಷ್ಯರಿರುವುದಿಲ್ಲ.

ಪರಿಹಾರ ಹಂಚಿಕೆಯ ದಿಕ್ಕು ಬದಲಿಸುವುದರಲ್ಲಿದೆ. ಬಾಕ್ಸನ್ನು ಹಂಚುವ ಬದಲು ಮಹಡಿಯನ್ನು ಹಂಚಿದರಾಯಿತು. ಐದಡಿ ಹತ್ತಿಂಚಿನ ಆತನ ಕೈ 86 ಇಂಚಿನವರೆಗೂ ಹೋಗುತ್ತದೆ, ಹಾಗಾಗಿ ಎರಡೂ ಬಾಕ್ಸಿನ ಮೇಲ್ಮಹಡಿ ಆತನದು, ಕೆಳಮಹಡಿ ಆಕೆಯದು. ಮೊದಲ ಬಾಕ್ಸಿನಲ್ಲಿ ಮೇಲೆ 40 ಇಂಚು ಅಂಗಿಗೆ, ಅದರ ಕೆಳಗೆ 30 ಇಂಚು ಹತ್ತಿ ಸೀರೆಗೆ, ಎಲ್ಲಕ್ಕಿಂತ ಕೆಳಗೆ ಏಳು ಇಂಚಿನ ಒಂದು ಡ್ರಾಯರ್ ಒಳ ಉಡುಪಿಗೆ. ಸೀರೆಯ ರಾಡು ಈಗ ಸುಮಾರು 40 ಇಂಚಿನಲ್ಲಿ, ಆಕೆಯ ಸೊಂಟಕ್ಕಿಂತ ಸ್ವಲ್ಪ ಮೇಲೆ. ಎರಡನೆಯ ಬಾಕ್ಸಿನಲ್ಲಿ ಮೇಲೆ ಆತನ ಪ್ಯಾಂಟು, ಕೆಳಗೆ 47 ಇಂಚಿನ ಖಾನೆಯಲ್ಲಿ ಆಕೆಯ ಟಾಪುಗಳು. ಅವುಗಳ ರಾಡು 50 ಇಂಚಿನಲ್ಲಿ, ಎದೆಯ ಎತ್ತರಕ್ಕೆ. ಒಂದು ಹಲಗೆಯೂ ಹೆಚ್ಚಾಗಲಿಲ್ಲ, ಖರ್ಚೂ ಬೆಳೆಯಲಿಲ್ಲ. ಅಗಲವನ್ನೂ ಒರೆಗೆ ಹಚ್ಚಿ ನೋಡಿ: 22 ಅಂಗಿಗೆ ಇಪ್ಪತ್ತೇಳೂವರೆ ಇಂಚು, 20 ಸೀರೆಗೆ 25, 18 ಟಾಪಿಗೆ ಇಪ್ಪತ್ತೆರಡೂವರೆ, 14 ಪ್ಯಾಂಟಿಗೆ 21. ಮೂವತ್ತೂವರೆಯೊಳಗೆ ಎಲ್ಲವೂ ಕೂತು, ಅಂಗಿಯ ಖಾನೆ ಮಾತ್ರ ಸ್ವಲ್ಪ ಬಿಗಿ. ಆತ ಹೊಸ ಅಂಗಿ ಕೊಂಡಾಗ ಹಳೆಯದೊಂದನ್ನು ಬಿಡಬೇಕಾಗುತ್ತದೆ. ಅದನ್ನು ಈಗಲೇ ಹೇಳಿಬಿಡುವುದು ಲೇಸು.

ಮೂರನೆಯ ಬಾಕ್ಸು 18 ಇಂಚು ಆಳದ್ದು, ಕೋಣೆಯ ಬಾಗಿಲ ಹತ್ತಿರದ್ದು. ಒಳಗೆ ಬರುವವರ ಮೊಣಕೈಗೆ ಅದರ ಮೂಲೆ ತಾಗುವುದಿಲ್ಲ. ಇಲ್ಲಿ ಬರೀ ಹಲಗೆಗಳು. ಹಲಗೆಗಳ ನಡುವಿನ ಅಂತರ ನಿರ್ಧರಿಸುವುದು ಬಟ್ಟೆಯ ರಾಶಿ. ರೇಷ್ಮೆ ಸೀರೆ ಒಂದರ ಮೇಲೊಂದು ಐದಕ್ಕಿಂತ ಹೆಚ್ಚು ಪೇರಿಸಬಾರದು, ಕೆಳಗಿನದರ ಮಡಿಕೆ ಒತ್ತಿಹೋಗುತ್ತದೆ, ಎಳೆಯುವಾಗ ಮೇಲಿನವು ಜಾರುತ್ತವೆ. ಐದು ಸೀರೆಗೆ ಸುಮಾರು ಏಳು ಇಂಚು, ಕೈ ಹೋಗಲು ಮೂರು, ಒಟ್ಟು ಹತ್ತು ಇಂಚಿನ ಖಾನೆ. ಒಂದು ಖಾನೆಯಲ್ಲಿ ಎರಡು ರಾಶಿ, ಅಂದರೆ ಹತ್ತು ಸೀರೆ. ಎರಡು ಖಾನೆಯಲ್ಲಿ ಹದಿನೆಂಟೂ ಕೂತು ಇನ್ನೆರಡಕ್ಕೆ ಜಾಗ ಉಳಿಯಿತು. ಆ ಎರಡು ಯಾವಾಗ ಬರುತ್ತವೆ ಎಂಬುದು ಮುಂದಿನ ಮದುವೆ ಯಾರದು ಎಂಬುದರ ಮೇಲೆ ನಿಂತಿದೆ. ಮನೆಬಟ್ಟೆ, ಟವೆಲಿಗೆ ಹನ್ನೆರಡು ಇಂಚಿನ ಎರಡು ಖಾನೆ, ಎಲ್ಲಕ್ಕಿಂತ ಕೆಳಗೆ ಹಾಸಿಗೆ ಹೊದಿಕೆಗೆ ಹದಿನಾಲ್ಕು ಇಂಚಿನದೊಂದು, ಅದರ ಮೇಲೆ ಬೀಗದ ಡ್ರಾಯರಿಗೆ ಎಂಟು, ತೀರಾ ಮೇಲೆ ಕಡತಕ್ಕೆ ಎಂಟು. ಹಲಗೆಗಳ ದಪ್ಪ ಸೇರಿಸಿದರೆ ಎಪ್ಪತ್ತೆಂಟೂವರೆ ತುಂಬಿತು. ಹನ್ನೆರಡು ಇಂಚಿನ ಖಾನೆಗಳ ನಡುವಿನ ಹಲಗೆಯನ್ನಾದರೂ ಮೊಳೆ ಹೊಡೆದು ಕೂರಿಸದೆ, ಬದಿಯಲ್ಲಿ ತೂತು ಕೊರೆದು ಪಿನ್ನಿನ ಮೇಲೆ ನಿಲ್ಲಿಸಿದರೆ ನಾಳೆ ಮೇಲೆ ಕೆಳಗೆ ಮಾಡಿಕೊಳ್ಳಬಹುದು.

ಹದಿನಾರು ಹದಿನೆಂಟು ಇಂಚಿನ ಖಾನೆಗಳನ್ನೇ ಸಮವಾಗಿ ಮಾಡಿಕೊಡುವುದು ಬಡಗಿಗೆ ಸುಲಭ, ಚದರಡಿ ದರಕ್ಕೂ ಲಾಭ. ಅಂಥ ಖಾನೆ ಒಂದೋ ಅರ್ಧ ಖಾಲಿ ಉಳಿಯುತ್ತದೆ, ಇಲ್ಲವೇ ಬಟ್ಟೆ ಗುಡ್ಡವಾಗಿ ಬೀಳುತ್ತದೆ.

ಶಟರಿನ ಹಿಂದೆ ಡ್ರಾಯರ್ ಬರುವ ಕಡೆ ಇನ್ನೊಂದು ಎಚ್ಚರ. ತೆರೆದ ಶಟರಿಗೂ ಹಿಂಜಿಗೂ ಡ್ರಾಯರ್ ತಾಗದಿರಲು ಎರಡೂ ಬದಿ ಒಂದೊಂದು ಇಂಚಿನ ಪಟ್ಟಿ ಕೊಟ್ಟು ಅದನ್ನು ಒಳಸರಿಸಬೇಕು. ಇದನ್ನು ಮರೆತು ಮಾಡಿದ ಡ್ರಾಯರ್, ಶಟರನ್ನು ಪೂರ್ತಿ ಅಗಲಿಸುವವರೆಗೆ ಹೊರಗೆ ಬರುವುದಿಲ್ಲ, ಬಂದಾಗಲೆಲ್ಲ ಲ್ಯಾಮಿನೇಟಿನ ಮೇಲೆ ಗೀರು ಹಾಕುತ್ತದೆ.

ಅಟ್ಟದ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಸೂಟ್‌ಕೇಸು ಅಳೆದು ಅಟ್ಟ ಮಾಡಿಸಿ. ದೊಡ್ಡ ಸೂಟ್‌ಕೇಸು ಚಕ್ರ ಸೇರಿ ಸುಮಾರು 30 ಇಂಚು ಉದ್ದ. ಎರಡಡಿ ಆಳಕ್ಕೆ ಅದು ನೇರವಾಗಿ ಹೋಗುವುದಿಲ್ಲ, ಅಡ್ಡ ಮಲಗಿಸಬೇಕು. ಹಾಗೆ ಒಂದರ ಮೇಲೊಂದು ಎರಡು ಮಲಗಿಸಲು 24 ಇಂಚಿಗಿಂತ ಸ್ವಲ್ಪ ಹೆಚ್ಚು ಎತ್ತರವೂ, ಅವು ನುಗ್ಗುವಷ್ಟು ಅಗಲದ ಬಾಗಿಲೂ ಬೇಕು. ಅಟ್ಟದ ನಡುವೆ ಕಂಬ ಬಂದರೆ ಸೂಟ್‌ಕೇಸು ಮಂಚದ ಕೆಳಗೇ ಉಳಿಯುತ್ತದೆ.

ಬಾಗಿಲು

ಈಗ ಬಾಗಿಲು. ಇಷ್ಟು ಹೊತ್ತಿಗೆ ಅದು ಹೆಚ್ಚುಕಡಿಮೆ ತಾನೇ ತೀರ್ಮಾನವಾಗಿರುತ್ತದೆ, ಉಳಿದ ನೆಲವನ್ನು ಅಳೆದರೆ ಸಾಕು. ವಾರ್ಡ್‌ರೋಬಿನಿಂದ ಎದುರು ಗೋಡೆಗೆ ಕೋಣೆ ಹತ್ತೂವರೆ ಅಡಿ, 126 ಇಂಚು. ಅದರಲ್ಲಿ ವಾರ್ಡ್‌ರೋಬ್ 24, ಐದಡಿ ಅಗಲದ ಮಂಚ 60, ಮಂಚದ ಆಚೆ ಬದಿಗೆ 12 ಕಳೆದರೆ, ನಡುವೆ ಓಡಾಡಲು 30 ಇಂಚು.

ಜಾಗ ಕಡಿಮೆ, ಸ್ಲೈಡಿಂಗೇ ಸರಿ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಒಂದರ ಹಿಂದೊಂದು ಸರಿಯುವ ಎರಡು ಬಾಗಿಲು, ಅವುಗಳ ಹಳಿ, ನಡುವಿನ ಸಂದು ಸೇರಿ ಮೂರೂವರೆ ನಾಲ್ಕು ಇಂಚು ತಿನ್ನುತ್ತವೆ. 24 ಇಂಚಿನಲ್ಲೇ ಅದನ್ನು ಕೂರಿಸಿದರೆ ಒಳಗೆ 20 ಉಳಿಯುತ್ತದೆ, ಅಂಗಿಯ ತೋಳು ಬಾಗಿಲಿಗೆ ಸಿಕ್ಕಿ ಉಜ್ಜುತ್ತದೆ. ಸ್ಲೈಡಿಂಗ್ ವಾರ್ಡ್‌ರೋಬಿನ ಅಂಗಿಗಳ ಒಂದೇ ತೋಳಿನ ಮೇಲೆ ಕಪ್ಪು ಗೆರೆ ಕಂಡರೆ ಕಾರಣ ಇದೇ. ಸರಿಯಾಗಿ ಮಾಡಲು 27 ಇಂಚು ಆಳ ಬೇಕು. ಆಗ ಓಡಾಡುವ ಜಾಗ 27ಕ್ಕೆ ಇಳಿಯಿತು, ಮೂರನೆಯ ಬಾಕ್ಸಿನ ಆಳ ತಗ್ಗಿಸುವುದೂ ಆಗದು, ಯಾಕೆಂದರೆ ಹಳಿ ನೇರವಾಗಿಯೇ ಹೋಗಬೇಕು.

ಎರಡು ಬಾಗಿಲು ಮೂರು ಬಾಕ್ಸಿಗೆ ಹೊಂದುವುದೂ ಇಲ್ಲ. ಒಂದೊಂದು ಬಾಗಿಲು 49 ಇಂಚು. ಎಡಕ್ಕೆ ಸರಿಸಿ, ಬಲಕ್ಕೆ ಸರಿಸಿ, ನಡುವಿನ ಬಾಕ್ಸು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತದೆ. ಅಲ್ಲಿ ಡ್ರಾಯರ್ ಇಟ್ಟರೆ ಅದು ಎಂದೂ ಹೊರಗೆ ಬರುವುದಿಲ್ಲ. ಸ್ಲೈಡಿಂಗ್ ಬೇಕೇ ಬೇಕೆಂದಿದ್ದರೆ ಒಳಗಿನ ವಿಭಾಗಗಳನ್ನು ಬಾಗಿಲಿನ ಅಗಲಕ್ಕೆ ತಕ್ಕಂತೆ ಮೊದಲೇ ಮಾಡಬೇಕು, ಮತ್ತು ನಾಲ್ಕಡಿಯ ಹಲಗೆಗೆ ನಡುವೆ ಒಂದು ಆಧಾರ ಕೊಡಬೇಕು.

ತೆರೆಯುವ ಬಾಗಿಲಿಗೆ ಬನ್ನಿ. 32 ಇಂಚಿನ ಬಾಕ್ಸಿಗೆ 16 ಇಂಚಿನ ಎರಡು ಶಟರು. 30 ಇಂಚಿನ ಜಾಗದಲ್ಲಿ ತೆರೆದಾಗ ಶಟರಿನ ತುದಿಗೂ ಮಂಚಕ್ಕೂ ನಡುವೆ 14 ಇಂಚು ಉಳಿಯುತ್ತದೆ, ದಾಟಿ ಹೋಗಬಹುದು. ಅದೇ ಶಟರು 24 ಇಂಚು ಅಗಲ ಇದ್ದಿದ್ದರೆ ಉಳಿಯುತ್ತಿದ್ದದ್ದು ಆರು ಇಂಚು, ತೆರೆದವರು ಅದರ ಹಿಂದೆಯೇ ಸಿಕ್ಕಿಬೀಳುತ್ತಿದ್ದರು. ಅಂದರೆ ಇಕ್ಕಟ್ಟಿನ ಕೋಣೆಗೆ ಮದ್ದು ಬಹಳ ಸಲ ಕಿರಿದಾದ ಶಟರು. ನಡುವಿನ ಜಾಗ ಎರಡಡಿಗಿಂತ ಕಡಿಮೆಯಾದಾಗ ಮಾತ್ರ ಸ್ಲೈಡಿಂಗಿಗೆ ನಿಜವಾದ ಹಕ್ಕಿದೆ.

ಎತ್ತರದ ಶಟರು ಬಿಲ್ಲಿನಂತೆ ಬಾಗುವ ದೂರು ಸಾಮಾನ್ಯ. ಹೊರಗೆ ದಪ್ಪ ಲ್ಯಾಮಿನೇಟ್ ಅಂಟಿಸಿ ಒಳಗೆ ಬರೀ ಬಣ್ಣ ಬಳಿದಾಗ ಎರಡು ಮುಖ ತೇವವನ್ನು ಬೇರೆ ಬೇರೆ ರೀತಿ ಹೀರಿ ಹಲಗೆ ಸೊಟ್ಟಗಾಗುತ್ತದೆ. ಎರಡೂ ಕಡೆ ಲ್ಯಾಮಿನೇಟ್ ಇರಬೇಕು, ಏಳಡಿಯ ಶಟರಿಗೆ ನಾಲ್ಕು ಹಿಂಜು ಬೇಕು. ವಾರ್ಡ್‌ರೋಬನ್ನೂ ಅಟ್ಟವನ್ನೂ ಒಂದೇ ಉದ್ದನೆಯ ಶಟರಿನಲ್ಲಿ ಮುಚ್ಚುವ ಆಸೆ ಬೇಡ. ಪ್ಲೈವುಡ್ ಹಾಳೆಯೇ ಎಂಟಡಿ, ಅದರಾಚೆ ಜೋಡಣೆ ಬರುತ್ತದೆ.

ಮಲೆನಾಡು, ಕರಾವಳಿಯವರಿಗೆ ಇದರ ಜೊತೆಗೆ ಗೋಡೆಯ ಪರೀಕ್ಷೆಯೂ ಇದೆ. ವಾರ್ಡ್‌ರೋಬ್ ನಿಲ್ಲುವ ಗೋಡೆ ಮಳೆ ಹೊಡೆಯುವ ಕಡೆಯದೋ, ಆಚೆ ಬದಿ ಬಚ್ಚಲುಮನೆಯೋ ಆಗಿದ್ದರೆ, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆ ಹನಿ ಕಂಡರೆ ಗೋಡೆಯೇ ತೇವ ಕಾರುತ್ತಿದೆ, ಮೊದಲು ಅದನ್ನು ಸರಿಪಡಿಸಬೇಕು. ಅಲ್ಲಿಯವರೆಗೆ ಯಾವ ದರ್ಜೆಯ ಪ್ಲೈವುಡ್ ಹಾಕಿದರೂ ಬಟ್ಟೆಗೆ ಬೂಷ್ಟು ತಪ್ಪದು. ಗೋಡೆ ಒಣಗಿದ್ದರೂ ಬಾಕ್ಸಿನ ಹಿಂದೆ ಒಂದಿಂಚು ಗಾಳಿಗೆ ಬಿಡಿಸಿ.

ಮುಂಗಡ ಕೊಡುವ ಮೊದಲು ಬಾಗಿಲು ಮುಚ್ಚಿದ ಬಣ್ಣದ ಚಿತ್ರದ ಜೊತೆಗೆ, ಬಾಗಿಲಿಲ್ಲದ ನಕ್ಷೆಯನ್ನೂ ಕೇಳಿ ಪಡೆಯಿರಿ. ಅದರಲ್ಲಿ ಪ್ರತಿ ಖಾನೆಯ ಒಳ ಅಳತೆ ಇಂಚಿನಲ್ಲಿರಬೇಕು, ಪ್ರತಿ ರಾಡು ನೆಲದಿಂದ ಎಷ್ಟು ಎತ್ತರ ಎಂದಿರಬೇಕು, ಖಾನೆಯೊಳಗೆ ಏನು ಕೂರುತ್ತದೆ ಎಂಬುದನ್ನು ನಿಮ್ಮ ಪಟ್ಟಿ ನೋಡಿ ನೀವೇ ಬರೆಯಬೇಕು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ವಾರ್ಡ್‌ರೋಬಿನ ಆಳವನ್ನೂ ತೆರೆದ ಶಟರನ್ನೂ ಗೀಚಿ, ಮಂಚದ ಪಕ್ಕ ನಡೆದು ನೋಡಿ. "ಒಳಗಿನದೆಲ್ಲ ಸೈಟಿನಲ್ಲಿ ಅಡ್ಜಸ್ಟ್ ಮಾಡೋಣ ಸಾರ್" ಎಂಬ ಉತ್ತರ ಬಂದರೆ, ನಕ್ಷೆ ಕೈಗೆ ಬರುವವರೆಗೆ ಮುಂಗಡ ನಿಮ್ಮ ಹತ್ತಿರವೇ ಇರಲಿ.